ಇಂಟರ್ನ್‌ಶಿಪ್ ವರದಿ: ಬ್ಯಾಂಕಿನ ಗುಟ್ಟು ಬಿಡದೆ ಮಾಡಿದ ಕೆಲಸ ತೋರಿಸುವುದು ಹೇಗೆ?

ಕೇಳಿದವರು, ಎಂಟನೇ ಸೆಮಿಸ್ಟರ್: ವಿಟಿಯು ವರದಿ ಬರೆಯಬೇಕಿದೆ. ಒಂದು ಬ್ಯಾಂಕಿನ ದಿನಾಂತ್ಯದ ವರದಿ ಬಹಳ ನಿಧಾನವಾಗಿ ಬರುತ್ತಿತ್ತು. ಅದರ ಕ್ವೆರಿಯನ್ನು ಚುರುಕುಗೊಳಿಸಿದ್ದೇ ನನ್ನ ಕೆಲಸ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಯಾವ ಅಧ್ಯಾಯಕ್ಕೆ ಎಷ್ಟು ಜಾಗ ಕೊಡಲಿ? ಕೆಲಸದ ಬಗ್ಗೆ ಏನು ಬರೆಯಬಹುದು?

ಹಿಂದಿನ ವರ್ಷ ಮುಗಿಸಿದವರು: ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ರೀನ್‌ಶಾಟ್ ಹಾಕಿ, ಬ್ಯಾಂಕಿನ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆಯಿರಿ. ಕಂಪನಿಯ ಪರಿಚಯವನ್ನು ಅವರ ಜಾಲತಾಣದಿಂದ ಹತ್ತು ಪುಟ ತುಂಬಿಸಿ. ಬೈಂಡಿಂಗ್ ದಪ್ಪಗಿದ್ದರೆ ಸಾಕು.

ತಂಡದ ಮುಖ್ಯಸ್ಥೆ, ಬೆಂಗಳೂರು: ಹೆಸರು ತೆಗೆಯಬೇಕು ಎನ್ನುವುದು ಸರಿ, ಕಪ್ಪು ಪಟ್ಟಿಯನ್ನು ಮಾತ್ರ ನಂಬಬೇಡಿ. ಪಿಡಿಎಫ್‌ನಲ್ಲಿ ಅಕ್ಷರಗಳ ಮೇಲೆ ಪಟ್ಟಿ ಎಳೆದರೆ ಎಷ್ಟೋ ಸಲ ಅಡಿಯ ಅಕ್ಷರ ಹಾಗೇ ಉಳಿದಿರುತ್ತದೆ, ಆಯ್ದು ನಕಲು ಮಾಡಿದರೆ ಹೊರಬರುತ್ತದೆ. ವರ್ಡ್‌ನಲ್ಲಿ ಚಿತ್ರದ ಅಂಚು ಕತ್ತರಿಸಿದರೂ ಕತ್ತರಿಸಿದ ಭಾಗ ಕಡತದೊಳಗೇ ಉಳಿಯಬಹುದು. ನಮ್ಮಲ್ಲಿಗೆ ಬಂದ ಒಂದು ಕರಡಿನಲ್ಲಿ ಗ್ರಾಹಕರ ಹೆಸರನ್ನು ಚೆನ್ನಾಗಿಯೇ ಅಳಿಸಿದ್ದರು, ಆದರೆ ಬ್ರೌಸರ್ ಟ್ಯಾಬಿನ ಶೀರ್ಷಿಕೆಯಲ್ಲಿ ಅದೇ ಹೆಸರು ನಗುತ್ತಿತ್ತು. ಸ್ಕ್ರೀನ್‌ಶಾಟ್ ಬೇಡವೇ ಬೇಡ; ಚಿತ್ರವನ್ನು ನೀವೇ ಸರಳವಾಗಿ ಬರೆಯಿರಿ.

ಹೆಸರು ಹೋದರೂ ಸುಳಿವುಗಳು ಉಳಿಯುತ್ತವೆ. ಬ್ಯಾಂಕಿನ ಕೇಂದ್ರ ಕಚೇರಿ ಇರುವ ಊರು, ಶಾಖೆಗಳ ಸಂಖ್ಯೆ, ಯಾವ ವರ್ಷ ಯಾವುದರಲ್ಲಿ ವಿಲೀನವಾಯಿತು ಎನ್ನುವುದನ್ನು ಒಂದೇ ಪುಟದಲ್ಲಿ ಬರೆದರೆ ಓದುವವರು ಹೆಸರು ತಾವೇ ತುಂಬಿಕೊಳ್ಳುತ್ತಾರೆ.

ನಿಮ್ಮ ಕೆಲಸವನ್ನೇ ತೆಗೆದುಕೊಳ್ಳೋಣ. ‘ಇಂಥ ಬ್ಯಾಂಕಿನ ಇಂಥ ಟೇಬಲ್‌ನಲ್ಲಿ 4 ಕೋಟಿ ಸಾಲುಗಳಿದ್ದವು, 48 ನಿಮಿಷದ ವರದಿ 6 ನಿಮಿಷಕ್ಕೆ ಇಳಿಯಿತು’ ಎಂದು ಬರೆಯುವ ಬದಲು ಹೀಗೆ ಬರೆಯಬಹುದು: ‘ಒಂದು ಬ್ಯಾಂಕಿನ ದಿನಾಂತ್ಯದ ವರದಿಗೆ ಇಡೀ ಟೇಬಲ್ ಓದಬೇಕಾಗುತ್ತಿತ್ತು. ಶಾಖೆ ಮತ್ತು ದಿನಾಂಕ ಎರಡನ್ನೂ ಸೇರಿಸಿ ಇಂಡೆಕ್ಸ್ ಮಾಡಿದ ಮೇಲೆ ಸಮಯ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯಿತು.’ ಬುದ್ಧಿ ಓಡಿದ್ದು ಎಲ್ಲಿ ಎನ್ನುವುದು ಇದರಲ್ಲಿ ಉಳಿಯಿತು, ಗುಟ್ಟಿನ ವಿವರ ಮಾತ್ರ ಬಿಟ್ಟುಹೋಯಿತು. ಬಳಿಕ ಮನೆಯ ಕಂಪ್ಯೂಟರಿನಲ್ಲಿ ಕಾಲ್ಪನಿಕ ದತ್ತಾಂಶ ತುಂಬಿದ ಒಂದು ಟೇಬಲ್ ಮಾಡಿ, ಅದರ ಮೇಲೆ ತೋರಿಸಿ:

```sql
CREATE INDEX idx_demo
ON demo_txn (branch_id, txn_date);
```

ಶಾಖೆ ಒಂದೇ, ದಿನಾಂಕ ಮಾತ್ರ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಹುಡುಕುವಾಗ ಶಾಖೆ ಮೊದಲು ಬರಬೇಕೇಕೆ ಎಂಬುದನ್ನು ವಿವರಿಸಿ. ಪರೀಕ್ಷಕರಿಗೆ ಬೇಕಾಗಿರುವುದೂ ಇದೇ. ದತ್ತಾಂಶ ಕಾಲ್ಪನಿಕ ಎಂದು ಚಿತ್ರದ ಕೆಳಗೇ ಬರೆಯಿರಿ; ಆ ಮಾತು ಇಲ್ಲದಿದ್ದರೆ ನಿಜವಾದದ್ದೆಂದೇ ತಿಳಿಯುತ್ತಾರೆ.

ಕಂಪನಿಯ ಪರಿಚಯ ಎರಡು ಪುಟ, ವಿಭಾಗದ್ದು ಅದಕ್ಕಿಂತ ಕಡಿಮೆ. ವರದಿಯ ಅರ್ಧಕ್ಕಿಂತ ಹೆಚ್ಚು ನೀವು ಮಾಡಿದ ಕೆಲಸದ ಅಧ್ಯಾಯಕ್ಕೇ ಇರಲಿ.

ಮೆಕ್ಯಾನಿಕಲ್, ಪೀಣ್ಯ: ನಮ್ಮ ಕಾರ್ಖಾನೆಯಲ್ಲಿ ಡ್ರಾಯಿಂಗೇ ಗುಟ್ಟು. ಬಿಡಿಭಾಗದ ಆಕಾರ ತೋರಿಸಲು ಬಿಟ್ಟರು, ಅಳತೆ ಮತ್ತು ಟಾಲರೆನ್ಸ್ ತೆಗೆಸಿದರು. ಅಂದ ಹಾಗೆ ಸ್ಟೈಪೆಂಡ್ ಪತ್ರವನ್ನೂ ವರದಿಯ ಜೊತೆ ಲಗತ್ತಿಸಬೇಕೇ?

ಕಾಲೇಜು ಮಾರ್ಗದರ್ಶಕರು: ಕಂಪನಿ ಕೊಡುವ ಪ್ರಮಾಣಪತ್ರ ಬೇಕು, ಸ್ಟೈಪೆಂಡ್ ಪತ್ರದ ವಿಷಯವನ್ನು ನಿಮ್ಮ ವಿಭಾಗದಲ್ಲೇ ಕೇಳಿಕೊಳ್ಳಿ.

ಮೂಲ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಕೃತಿಚೌರ್ಯ ಪರಿಶೀಲನೆಗೆ ವರದಿ ಏರಿಸುವಾಗ ಅದರ ಪ್ರತಿ ಆ ತಂತ್ರಾಂಶದ ಸಂಗ್ರಹದಲ್ಲಿ ಉಳಿದುಬಿಡಬಹುದು. ಸಂಗ್ರಹಿಸದೆ ಪರಿಶೀಲಿಸುವ ಆಯ್ಕೆ ಇದ್ದರೆ ಅದನ್ನೇ ಆರಿಸಲು ಹೇಳಿ. ಅದಕ್ಕೂ ಮೊದಲು ಕಂಪನಿಯ ಮೆಂಟರ್‌ಗೆ ಕರಡು ಹೋಗಲಿ. ಕಾನೂನು ವಿಭಾಗಕ್ಕೆ ಕಳುಹಿಸುವ ಕಂಪನಿಗಳಲ್ಲಿ ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ.

ಧಾಟಿಯ ವಿಷಯ: ‘ನಾನು ಮಾಡಿದೆ’ ಎಂದು ಬರೆಯಬೇಡಿ, ‘ಮಾಡಲಾಯಿತು’ ಎಂದೇ ಇರಲಿ.

ತಂಡದ ಮುಖ್ಯಸ್ಥೆ: ಸರ್, ಇಲ್ಲಿ ನನ್ನ ತಕರಾರಿದೆ. ‘ಮಾಡಲಾಯಿತು’ ಎಂದರೆ ಮಾಡಿದ್ದು ಇಂಟರ್ನೋ ತಂಡವೋ ತಿಳಿಯುವುದಿಲ್ಲ. ಕಲಿಕೆಯ ಅವಲೋಕನದ ಅಧ್ಯಾಯದಲ್ಲಾದರೂ ‘ನಾನು’ ಬೇಕು.

ಕಾಲೇಜು ಮಾರ್ಗದರ್ಶಕರು: ಆ ಅಧ್ಯಾಯಕ್ಕೆ ಒಪ್ಪುತ್ತೇನೆ ಮೇಡಂ. ಉಳಿದೆಡೆ ಒಪ್ಪುವುದಿಲ್ಲ.

ಕೇಳಿದವರು: ಮೆಂಟರ್ ಉತ್ತರ ಬಂತು. ‘ಎಂಟನೇ ಒಂದು ಭಾಗ’ ಎನ್ನುವುದೂ ಬೇಡವಂತೆ, ಮೊದಲು ಎಷ್ಟು ನಿಧಾನವಿತ್ತೆಂದು ಯಾರಾದರೂ ಊಹಿಸಬಹುದಂತೆ.

ತಂಡದ ಮುಖ್ಯಸ್ಥೆ: ಹಾಗಾದರೆ ಬ್ಯಾಂಕಿನ ಕೆಲಸಕ್ಕೆ ‘ಗಣನೀಯವಾಗಿ’ ಎಂದಷ್ಟೇ ಬರೆದು, ಅಂಕಿಗಳನ್ನೆಲ್ಲ ನಿಮ್ಮ ಕಾಲ್ಪನಿಕ ಟೇಬಲ್ ಮೇಲೆ ಅಳೆದು ಕೊಡಿ.

ಹಿಂದಿನ ವರ್ಷ ಮುಗಿಸಿದವರು: ಹೊರಗಿನ ಪರೀಕ್ಷಕರು ‘ಇದು ಮನೆಯಲ್ಲಿ ಮಾಡಿದ್ದು, ಕಂಪನಿಯ ಕೆಲಸ ಎಲ್ಲಿ’ ಎಂದರೆ?

ಕಾಲೇಜು ಮಾರ್ಗದರ್ಶಕರು: ಕೇಳುವವರೂ ಇದ್ದಾರೆ. ಏನನ್ನು, ಯಾರ ಸೂಚನೆಯ ಮೇರೆಗೆ ಬಿಡಲಾಗಿದೆ ಎಂದು ಕಂಪನಿಯಿಂದ ಒಂದು ಸಾಲು ಬರೆಸಿಕೊಂಡು ವೈವಾಗೆ ಒಯ್ಯಿರಿ. ಎಲ್ಲ ಪರೀಕ್ಷಕರೂ ಅದನ್ನು ಒಪ್ಪುತ್ತಾರೆಂದು ನಾನು ಭರವಸೆ ಕೊಡಲಾರೆ.