ಹದಿನಾಲ್ಕು ಗೆರೆಗಳಲ್ಲಿ ಏಳು ಮಾತ್ರ ಹುಟ್ಟಿದ್ದು

“ದೊಡ್ಡಪ್ಪ, ಅಮ್ಮನಿಗೆ ಅರವತ್ತು ತುಂಬುತ್ತದೆ. ಒಂದು ಗಂಧದ ಜಪಮಾಲೆ, ಒಂದು ಹದಿನಾಲ್ಕು ಮುಖಿ ರುದ್ರಾಕ್ಷಿ ಕೊಡೋಣ ಎಂದುಕೊಂಡಿದ್ದೇನೆ. ಮಾರುವವರು ಕಳಿಸಿದ ಏಳು ಫೋಟೋ, ಒಂದು ವಿಡಿಯೋ ಇಲ್ಲಿ ಹಾಕಿದ್ದೇನೆ. ಅಸಲಿಯೇ ಎಂದು ನೋಡಿ ಹೇಳುತ್ತೀರಾ? ನಾಳೆ ಹಣ ಕಳಿಸಬೇಕು.”

ಮಗಳೇ, ನಾಳೆ ಹಣ ಕಳಿಸಬೇಡ. ಬೆಳಿಗ್ಗೆಯಿಂದ ಆ ಫೋಟೋಗಳನ್ನೇ ನೋಡುತ್ತಾ ಕುಳಿತಿದ್ದೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಮಾಧಾನವಾಗಿ ಕೇಳು. ಗುಂಪಿನಲ್ಲಿ ಉಳಿದವರೂ ಕೇಳಿಸಿಕೊಳ್ಳಲಿ. ಹೋದ ವರ್ಷ ನಮ್ಮ ಮನೆಯಲ್ಲೇ ಇಬ್ಬರು ಇಂಥದ್ದೇ ರುದ್ರಾಕ್ಷಿಗೆ ದುಡ್ಡು ಕೊಟ್ಟಿದ್ದಾರೆ.

ಮೊದಲು ರುದ್ರಾಕ್ಷಿ. ನಾಲ್ಕನೆಯ ಫೋಟೋ ತೆರೆದು, ಎರಡು ಬೆರಳಿನಿಂದ ದೊಡ್ಡದು ಮಾಡಿಕೋ. ಮಣಿಯನ್ನು ಮೇಲಿನಿಂದ, ತೂತು ಕಾಣುವಂತೆ ತೆಗೆದಿರುವುದು ಅದೊಂದೇ. ಗೆರೆಗಳನ್ನು ಎಣಿಸಿದರೆ ಹದಿನಾಲ್ಕು ಇವೆ, ಲೆಕ್ಕದಲ್ಲಿ ಅವರು ಸುಳ್ಳು ಹೇಳಿಲ್ಲ. ಆದರೆ ಒಂದು ಬಿಟ್ಟು ಒಂದು ಗೆರೆಯನ್ನು ನೋಡುತ್ತಾ ಬಾ. ಒಂದು ಗೆರೆ ತೂತಿನ ಅಂಚಿನವರೆಗೂ ಹೋಗಿ ಒಳಗೆ ಇಳಿಯುತ್ತದೆ. ಪಕ್ಕದ್ದು ಅಂಚಿಗೆ ಇನ್ನೂ ಕೂದಲೆಳೆಯಷ್ಟು ಜಾಗ ಇರುವಾಗಲೇ ತೆಳುವಾಗಿ ನಿಂತುಬಿಡುತ್ತದೆ. ಅದರ ಮುಂದಿನದು ಮತ್ತೆ ಒಳಗೆ ಇಳಿಯುತ್ತದೆ. ಹೀಗೆ ಸುತ್ತಲೂ ಏಳು ಇಳಿಯುತ್ತವೆ, ಏಳು ನಿಲ್ಲುತ್ತವೆ.

ರುದ್ರಾಕ್ಷಿ ಎಂದರೆ ಹಣ್ಣಿನ ಒಳಗಿನ ಓಟೆ. ಮುಖದ ಗೆರೆ ಅದರ ಮೇಲ್ಮೈಯ ಅಲಂಕಾರವಲ್ಲ. ಒಳಗೆ ಬೀಜದ ಕೋಣೆಗಳು ಎಷ್ಟಿವೆಯೋ ಹೊರಗೆ ಅಷ್ಟು ಗೆರೆ ಮೂಡುತ್ತವೆ. ಕಾಯಿ ಬೆಳೆಯುವಾಗಲೇ ಹುಟ್ಟಿದ ಗೆರೆಯಾದ್ದರಿಂದ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಹೋಗುತ್ತದೆ. ನಡುವೆ ಸ್ವಲ್ಪ ಸೊಟ್ಟಗಾದರೂ ಕೊನೆ ಮುಟ್ಟುತ್ತದೆ. ಅದರ ಎರಡೂ ದಡದ ಉಬ್ಬುಗಳು ಗೆರೆಯ ಕಡೆಗೆ ತಾವಾಗಿಯೇ ಬಾಗಿ ಇಳಿದಿರುತ್ತವೆ, ಹೊಳೆಯ ದಂಡೆ ನೀರಿನ ಕಡೆ ಇಳಿಯುವ ಹಾಗೆ. ಉಳಿಯಿಂದ ಅಥವಾ ಸಣ್ಣ ಗರಗಸದಿಂದ ಕೊರೆದ ಗೆರೆ ಉಬ್ಬುಗಳನ್ನು ಅರ್ಧಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಹಲಸಿನ ಹಣ್ಣನ್ನು ಕತ್ತಿಯಿಂದ ಕೊಯ್ದಾಗ ಮುಳ್ಳುಗಳು ಹೇಗೆ ತುಂಡಾಗಿ ಕಾಣುತ್ತವೋ ಹಾಗೆಯೇ. ಐದನೆಯ ಫೋಟೋದ ಎಡಗಡೆ ಅಂಥ ತುಂಡಾದ ಉಬ್ಬುಗಳು ಮೂರು ಕಡೆ ಸ್ಪಷ್ಟವಾಗಿ ಇವೆ. ಗೆರೆಯ ಗೋಡೆಗಳೂ ಅಲ್ಲಿ ನೇರವಾಗಿ, ನುಣ್ಣಗೆ ನಿಂತಿವೆ.

ಅಂದರೆ ಅದು ರುದ್ರಾಕ್ಷಿಯೇ ಹೌದು, ಆದರೆ ಏಳು ಮುಖಿ. ಪ್ರತಿ ಎರಡು ಗೆರೆಗಳ ನಡುವೆ ಒಂದನ್ನು ಯಾರೋ ಕೊರೆದು ಹದಿನಾಲ್ಕು ಮಾಡಿದ್ದಾರೆ. ಮಣಿಗೆ ಎಣ್ಣೆ ಹಚ್ಚಿ ಕಪ್ಪಾಗಿಸಿರುವುದೂ ಇದಕ್ಕೇ. ಹೊಸದಾಗಿ ಕೊರೆದ ಜಾಗ ಒಳಗೆ ತಿಳಿ ಬಣ್ಣದಲ್ಲಿರುತ್ತದೆ, ಎಣ್ಣೆ ಮತ್ತು ಬಣ್ಣ ಅದನ್ನು ಮುಚ್ಚುತ್ತವೆ.

ವಿಡಿಯೋದಲ್ಲಿ ಮಣಿ ನೀರಿನಲ್ಲಿ ಮುಳುಗಿದ್ದನ್ನು ನೋಡಿ ನೀನು ನಂಬಿದೆಯಲ್ಲ, ಆ ಪರೀಕ್ಷೆಯನ್ನು ಬಿಟ್ಟುಬಿಡು. ಬಲಿತ, ಭಾರದ ಓಟೆ ಮುಳುಗುತ್ತದೆ. ಹಗುರಾಗಿ ಒಣಗಿದ ಅಸಲಿ ಓಟೆ ತೇಲಲೂಬಹುದು. ಒಳಗೆ ಸೀಸ ತುಂಬಿದ ನಕಲಿಯೂ ಮುಳುಗುತ್ತದೆ. ಗೆರೆ ಕೊರೆದಿದ್ದಾರೆಯೇ ಎಂಬುದನ್ನು ನೀರು ಹೇಗೆ ಹೇಳೀತು? ಎರಡು ತಾಮ್ರದ ನಾಣ್ಯಗಳ ನಡುವೆ ಮಣಿ ತಿರುಗುತ್ತದೆ ಎನ್ನುವುದೂ ಅಷ್ಟೇ, ಉಬ್ಬುತಗ್ಗಿನ ಯಾವ ಗುಂಡನ್ನು ಒತ್ತಿ ಹಿಡಿದರೂ ಜಾರಿ ತಿರುಗುತ್ತದೆ. ಬಿಸಿನೀರು ಮಾತ್ರ ಒಂದು ಕೆಲಸಕ್ಕೆ ಬರುತ್ತದೆ: ಅಂಟಿಸಿದ್ದನ್ನು ಬಿಡಿಸಬಲ್ಲದು. ನಾನು ಒಮ್ಮೆ ಯಾತ್ರೆಯಿಂದ ನಿಮ್ಮ ಅಜ್ಜಿಗೆಂದು ಗೌರೀಶಂಕರ ತಂದಿದ್ದೆ. ಎರಡು ಮಣಿ ಹುಟ್ಟಿನಿಂದಲೇ ಕೂಡಿರುವಂಥದ್ದು ಎಂದು ಹೇಳಿ ಕೊಟ್ಟಿದ್ದರು. ಬಿಸಿನೀರಿನಲ್ಲಿ ಹಾಕಿ ತೊಳೆಯುವಾಗ ಅವು ಬೇರೆಯಾದವು. ಅಜ್ಜಿ ಏನೂ ಅನ್ನಲಿಲ್ಲ, ಎರಡನ್ನೂ ದೇವರ ಗೂಡಿನಲ್ಲಿಟ್ಟರು. ಆ ನೋವು ನನಗೆ ಈಗಲೂ ಇದೆ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಇನ್ನು ಗಂಧದ ಮಾಲೆ. ಸಾಗರದಲ್ಲಿ ಮೂವತ್ತು ವರ್ಷ ಉಳಿ ಹಿಡಿದು ಕೆತ್ತಿದ ಮರ ಅದು, ಕಣ್ಣು ಮುಚ್ಚಿದರೂ ಅದರ ಎಳೆ ನನಗೆ ಕಾಣುತ್ತದೆ. ಶ್ರೀಗಂಧದ ಎಳೆ ಎಷ್ಟು ಒತ್ತಾಗಿರುತ್ತದೆ ಎಂದರೆ ಅದರ ರಂಧ್ರಗಳು ಬರಿಗಣ್ಣಿಗೆ ಕಾಣುವುದೇ ಇಲ್ಲ, ಮಸೂರ ಹಿಡಿಯಬೇಕು. ಉಜ್ಜಿ ನಯಗೊಳಿಸಿದ ಮಣಿ ಹಳೆಯ ದಂತದಂತೆ ಸಮವಾಗಿ ಕಾಣುತ್ತದೆ. ಎರಡನೆಯ ಫೋಟೋದಲ್ಲಿ ಹತ್ತಿರದಿಂದ ತೆಗೆದ ಮೂರು ಮಣಿಗಳಿವೆ. ಅವುಗಳ ಮೈಮೇಲೆ ಸೂಜಿಯಿಂದ ಗೀಚಿದಂತೆ ಚಿಕ್ಕ ಚಿಕ್ಕ ಕಪ್ಪು ಗೀಟುಗಳು ಕಾಣುತ್ತವೆ. ಅವು ದೊಡ್ಡ ರಂಧ್ರಗಳನ್ನು ಉದ್ದಕ್ಕೆ ಸೀಳಿದ ಗುರುತು. ಬಣ್ಣ ಅವುಗಳಲ್ಲಿ ನಿಂತು ಕಪ್ಪಾಗಿದೆ. ಶ್ರೀಗಂಧದಲ್ಲಿ ಅಂಥ ಗೀಟು ಮೊಬೈಲ್ ಫೋಟೋದಲ್ಲಿ ಕಾಣಿಸುವುದಿಲ್ಲ.

ಬಣ್ಣವನ್ನೂ ನೋಡು. ನೂರೆಂಟು ಮಣಿಗಳೂ ಒಂದೇ ಅಚ್ಚಿನಿಂದ ಬಂದಂತೆ ಒಂದೇ ಜೇನು ಬಣ್ಣ. ನಿಜವಾದ ಮಾಲೆಯಲ್ಲಿ ಒಂದು ಮಣಿ ತಿಳಿ ಹಳದಿ, ಪಕ್ಕದ್ದು ಸ್ವಲ್ಪ ಕಂದು ಆಗಿರುತ್ತದೆ. ಒಂದೇ ಕೊರಡಿನ ಚೇಗಿನಲ್ಲೂ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿನಲ್ಲೂ, ಬಣ್ಣ ಬದಲಾಗುತ್ತದೆ. ಏಳನೆಯ ಫೋಟೋದಲ್ಲಿ ದಾರ ಸ್ವಲ್ಪ ಸರಿದು ತೂತಿನ ಅಂಚು ಕಂಡಿದೆ, ನೋಡಿದೆಯಾ? ಮೈ ಜೇನು ಬಣ್ಣ, ತೂತಿನ ಒಳಗೆ ಬಿಳಿ. ಬಿಳಿ ದಾರದ ಮೇಲೂ ಬಣ್ಣ ಹತ್ತಿದೆ. ಮೇಲಿನ ಕನ್ನಡಿಯಂಥ ಹೊಳಪು ವಾರ್ನಿಷ್‌ನದು. ನಾವು ಗಂಧದ ಕೆಲಸಕ್ಕೆ ವಾರ್ನಿಷ್ ಬಳಿಯುತ್ತಿರಲಿಲ್ಲ. ಬಳಿದರೆ ಪರಿಮಳ ಒಳಗೇ ಉಳಿದುಬಿಡುತ್ತದೆ. ನಯವಾದ ಕಾಗದದಿಂದ ಉಜ್ಜಿ ಮುಗಿಸಿದರೆ ಅದಕ್ಕೆ ಬರುವ ಮಿನುಗು ಮೃದುವಾಗಿರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಳೆ ಸರಿಯಾಗಿದ್ದರೂ ಮೋಸ ಇರಬಹುದು. ಗಂಧದ ಮರದ ಹೊರಭಾಗ ಬಿಳಿ, ಅದಕ್ಕೆ ಪರಿಮಳವಿಲ್ಲ. ಎಣ್ಣೆ ಇರುವುದು ಚೇಗಿನಲ್ಲಿ. ಬಿಳಿ ಭಾಗದಿಂದ ಮಣಿ ಕಡೆದು ಸುಗಂಧ ಸವರಿದರೆ ಅದರ ಎಳೆ ಶ್ರೀಗಂಧದ್ದೇ, ಫೋಟೋದಲ್ಲಿ ಯಾರೂ ತಪ್ಪು ಹುಡುಕಲಾರರು. ಅದನ್ನು ಕೈಗೆ ಬಂದ ಮೇಲೆ ಮಾತ್ರ ತಿಳಿಯಬಹುದು.

ಈಗ ನೀನು ಮಾಡಬೇಕಾದದ್ದು. ಹದಿನಾಲ್ಕು ಮುಖಿ ಬೇಕೇ ಬೇಕು ಎಂದಾದರೆ, ಯಾರ ಬಳಿ ಕೊಂಡರೂ ಎಣ್ಣೆ ಹಚ್ಚದ ಒಣ ಮಣಿಯನ್ನು ಕಿಟಕಿಯ ಬಳಿ, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ತೆಗೆಯಲು ಹೇಳು. ಫ್ಲ್ಯಾಶ್ ಹಾಕಿದರೆ ಉಬ್ಬುತಗ್ಗು ಚಪ್ಪಟೆಯಾಗಿ ಕಾಣುತ್ತದೆ. ಎರಡೂ ತುದಿಗಳ ಫೋಟೋ ಬೇಕು, ಪಕ್ಕದಲ್ಲಿ ಒಂದು ನಾಣ್ಯ ಇರಲಿ. ಜೊತೆಗೆ ಎಕ್ಸ್‌ರೇ ಕೇಳು, ಒಳಗಿನ ಕೋಣೆಗಳು ಅದರಲ್ಲಿ ಕಾಣುತ್ತವೆ. ಕೆಲವು ಕೋಣೆಗಳಲ್ಲಿ ಬೀಜ ಕಟ್ಟದೆ ಇರಬಹುದು, ಆದ್ದರಿಂದ ಬೀಜವನ್ನಲ್ಲ, ಕೋಣೆಗಳನ್ನು ಎಣಿಸಬೇಕು. ನನ್ನನ್ನು ಕೇಳಿದರೆ ನಿನ್ನ ಅಮ್ಮನಿಗೆ ಒಳ್ಳೆಯ ಐದು ಮುಖಿಯ ಒಂದು ಮಾಲೆ ಕೊಡು. ಮರದಲ್ಲಿ ಹೆಚ್ಚು ಬಿಡುವುದೇ ಐದು ಮುಖಿ, ಬೆಲೆಯೂ ಕಡಿಮೆ, ಐದು ಮುಖಿ ಎಂದೇ ಮಾರುವ ಮಣಿಗೆ ಗೆರೆ ಕೊರೆದು ಲಾಭ ಮಾಡಿಕೊಳ್ಳುವವರಿಲ್ಲ.

ಗಂಧದ ಮಾಲೆಯನ್ನು ಸರ್ಕಾರದ ಕಾವೇರಿ ಮಳಿಗೆಯಲ್ಲಿ ರಸೀದಿ ಸಮೇತ ಕೊಳ್ಳು. ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಮರ ಯಾವುದೆಂದು ಗುರುತಿಸಿ ಹೇಳುತ್ತಾರೆ. ಮಾಲೆ ಮನೆಗೆ ಬಂದ ದಿನ ಒಂದು ಮಣಿಯನ್ನು ದೇವರ ಮನೆಯ ಸಾಣೆಕಲ್ಲಿನ ಮೇಲೆ ನೀರು ಹಾಕಿ ಸ್ವಲ್ಪ ತೇಯಿ. ಸವರಿದ ಸುಗಂಧವಾದರೆ ಮೇಲಿನ ಪದರ ಹೋದೊಡನೆ ಅದೂ ಹೋಗುತ್ತದೆ. ಚೇಗಾದರೆ ತೇದಷ್ಟೂ ಘಮಘಮಿಸುತ್ತದೆ. ಆ ತೇದ ಗಂಧವನ್ನು ಅಂದೇ ಅಮ್ಮನ ಹಣೆಗೆ ಹಚ್ಚು.