ಮನೆಯ ಒಂದು ವರ್ಷದ ಕರೆಂಟಿನಿಂದ ಇಂಗಾಲದ ಡೈಆಕ್ಸೈಡ್ ಎಷ್ಟು?

ಸವಿತಾ, ಮೈಸೂರು: ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ ಸೊನ್ನೆ. ಹಾಗಿದ್ದರೆ ವರ್ಷದ ಲೆಕ್ಕ ಹಾಕೋದು ಹೇಗೆ? ಒಂದು ಕಡೆ ಯೂನಿಟ್‌ಗೆ 0.82 ಕೆಜಿ ಅಂತಿದೆ, ಇನ್ನೊಂದು ಕಡೆ 0.727. ಯಾವುದು ಸರಿ?

ರಾಘವೇಂದ್ರ, ಎನರ್ಜಿ ಆಡಿಟರ್: ಸೊನ್ನೆ ಆಗಿದ್ದು ಹಣ ಮಾತ್ರ ಮೇಡಂ. ಬಿಲ್‌ನಲ್ಲಿ ಮೀಟರ್ ರೀಡಿಂಗ್ ಇದ್ದೇ ಇರುತ್ತದೆ. ಹೋದ ವರ್ಷದ ಇದೇ ತಿಂಗಳ ರೀಡಿಂಗ್ ಮತ್ತು ಈಗಿನದು, ಎರಡನ್ನೂ ಹೇಳಿ.

0.82 ಹಳೆಯ ವರ್ಷಗಳದ್ದು. ಕೇಂದ್ರ ವಿದ್ಯುತ್ ಪ್ರಾಧಿಕಾರ 2023-24ಕ್ಕೆ ಕೊಟ್ಟ ಸರಾಸರಿ ಯೂನಿಟ್‌ಗೆ 0.727 ಕೆಜಿ. ನೀವು ಯಾವ ವರ್ಷದ ಕರೆಂಟ್ ಲೆಕ್ಕ ಹಾಕುತ್ತೀರೋ ಆ ವರ್ಷದ, ಇಲ್ಲವೇ ಅದಕ್ಕೆ ಹತ್ತಿರದ ವರ್ಷದ ಅಂಕಿ ಹಿಡಿಯಿರಿ.

ಸವಿತಾ: ಆಗ 14,210, ಈಗ 15,686.

ರಾಘವೇಂದ್ರ: ಅಲ್ಲಿಗೆ 1,476 ಯೂನಿಟ್. 0.727ರಿಂದ ಗುಣಿಸಿದರೆ ಸುಮಾರು 1,073 ಕೆಜಿ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕಡಿಮೆ ತೋರಿಸಿದಂತೆ. ಆ 0.727 ಸ್ಥಾವರದಿಂದ ಹೊರಬೀಳುವ ಕರೆಂಟಿನದು. ನಿಮ್ಮ ಮೀಟರ್ ಇರುವುದು ಮನೆ ಗೋಡೆಯ ಮೇಲೆ. ನಡುವಿನ ತಂತಿ, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಅದನ್ನು 15% ಅಂತ ಇಟ್ಟುಕೊಳ್ಳೋಣ. ಆಗ 1,476ನ್ನು 0.85ರಿಂದ ಭಾಗಿಸಬೇಕು. 1,736 ಯೂನಿಟ್ ಆಗುತ್ತದೆ, ಅಂದರೆ ಸುಮಾರು 1,262 ಕೆಜಿ. ತುಂಬಾ ಜನ 15% ಕೂಡಿಸಿಬಿಡುತ್ತಾರೆ. ಅದು ತಪ್ಪು, ಏಕೆಂದರೆ ನಷ್ಟ ಆಗಿರುವುದು ಅಲ್ಲಿಂದ ಹೊರಟ ಕರೆಂಟಿನಲ್ಲಿ.

ಮಂಜುನಾಥ, ಶಿವಮೊಗ್ಗ: ನಮ್ಮಲ್ಲಿ ಶರಾವತಿ ಇದೆ, ಚಿತ್ರದುರ್ಗದ ಗಾಳಿಯಂತ್ರಗಳಿವೆ. ಕರ್ನಾಟಕಕ್ಕೆ ಕಡಿಮೆ ಅಂಕಿಯೇ ಹಾಕಬೇಕು ಅಲ್ವಾ?

ರಾಘವೇಂದ್ರ: ನಮ್ಮ ರಾಜ್ಯದಲ್ಲಿ ಜಲವಿದ್ಯುತ್ತು, ಗಾಳಿ ಇರುವುದು ನಿಜ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸೇರಿತು. ಶರಾವತಿಯ ಕರೆಂಟೂ ರಾಯಚೂರಿನ ಕಲ್ಲಿದ್ದಲಿನ ಕರೆಂಟೂ ಒಂದೇ ಗ್ರಿಡ್ಡಿನಲ್ಲಿ ಬೆರೆಯುತ್ತವೆ. ಅದಕ್ಕೇ ಪ್ರಾಧಿಕಾರ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುತ್ತದೆ. ರಾಜ್ಯ ಕೊಳ್ಳುವ ವಿದ್ಯುತ್ತಿನ ಲೆಕ್ಕ ಬೇರೆ ಮಾಡಬಹುದು ಅನ್ನುವವರೂ ಇದ್ದಾರೆ. ಯಾವುದನ್ನು ಹಿಡಿದಿರಿ ಅಂತ ಪಕ್ಕದಲ್ಲಿ ಬರೆದಿಡಿ. ಒಂದು ವರ್ಷ ಅದು, ಇನ್ನೊಂದು ವರ್ಷ ಇದು ಅಂತ ಬದಲಿಸಿದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ನಾಗರತ್ನ, ದಾವಣಗೆರೆ: ನಮ್ಮ ಮನೆ ಮೇಲೆ ಸೋಲಾರ್ ಹಾಕಿಸಿದ್ದೀವಿ. ನೆಟ್ ಮೀಟರ್ ಸೊನ್ನೆ ತೋರಿಸುತ್ತದೆ. ನಮ್ಮದು ಸೊನ್ನೆ ಕೆಜಿ ಅಂತ ಬರೆದುಕೊಳ್ಳಲಾ?

ರಾಘವೇಂದ್ರ: ಬೇಡ ನಾಗರತ್ನಮ್ಮ. ಬಿಲ್‌ನಲ್ಲಿ ಒಳಗೆ ಬಂದ ಯೂನಿಟ್, ಹೊರಗೆ ಕೊಟ್ಟ ಯೂನಿಟ್ ಬೇರೆ ಬೇರೆ ಇರುತ್ತವೆ. ರಾತ್ರಿ ಫ್ಯಾನಿಗೆ ಬಂದದ್ದು ಗ್ರಿಡ್ ಕರೆಂಟೇ. ಒಳಬಂದದ್ದಕ್ಕೆ ಮೇಲಿನ ಲೆಕ್ಕ ಹಾಕಿ, ಹೊರಗೆ ಕೊಟ್ಟದ್ದನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ.

ಮಂಜುನಾಥ: ಅವರು ಹಗಲು ಕೊಟ್ಟದ್ದರಿಂದ ಎಲ್ಲೋ ಕಲ್ಲಿದ್ದಲು ಉಳಿಯಿತಲ್ಲ, ಅದನ್ನು ಕಳೆಯಬಾರದಾ?

ರಾಘವೇಂದ್ರ: ಉಳಿದಿರಬಹುದು. ಆದರೆ ಅವರು ಕೊಟ್ಟ ಕರೆಂಟನ್ನು ಬಳಸಿದ ಮನೆಯವರೂ ತಮ್ಮ ಲೆಕ್ಕದಲ್ಲಿ ಕಳೆದರೆ ಒಂದೇ ಯೂನಿಟ್ ಎರಡು ಸಲ ಆಯಿತು. ಈ ವಿಷಯದಲ್ಲಿ ನಮ್ಮ ಆಡಿಟರ್‌ಗಳಲ್ಲೇ ಒಮ್ಮತ ಇಲ್ಲ.

ಸವಿತಾ: ನಾನು 1,262 ಕೆಜಿ, 0.727, ನಷ್ಟ 15% ಅಂತ ಮೂರನ್ನೂ ಬರೆದುಕೊಂಡೆ. ಗ್ಯಾಸ್ ಸಿಲಿಂಡರ್ ಇದರಲ್ಲಿ ಸೇರಿಲ್ಲ ತಾನೇ?

ರಾಘವೇಂದ್ರ: ಸೇರಿಲ್ಲ. ಇದು ಕರೆಂಟಿನದು ಮಾತ್ರ.