ಸಹಾಯ ಬೇಕು: ಗಿಡ್ಡ ಕುತ್ತಿಗೆಗೆ ಅಡ್ಡಿಗೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆ ಬ್ಲೌಸ್ ಹೊಲಿಸಬೇಕು, ಕತ್ತಿನ ಡಿಸೈನ್ ಬೇಗ ಹೇಳಿ ಅಂತ ಟೈಲರ್ ಹಿಂದೆ ಬಿದ್ದಿದ್ದಾರೆ. ಅವಳದ್ದು ಸ್ವಲ್ಪ ಚೌಕ ದವಡೆ, ಕುತ್ತಿಗೆ ಗಿಡ್ಡ. ಕಾಮೆಂಟಲ್ಲಿ ಹಾಕಿರೋ ಫೋಟೋ ನೋಡಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇಟ್ಟು, ಕೂದಲು ಹಿಂದೆ ಕಟ್ಟಿಸಿ, ಭುಜ ಇಳಿಬಿಟ್ಟು ತೆಗೆದದ್ದು. ಸೆಲ್ಫಿಯಲ್ಲಿ ಮೇಲಿಂದ ತೆಗೆದರೆ ಗಲ್ಲ ಚೂಪಾಗಿ, ಕುತ್ತಿಗೆ ಇನ್ನೂ ಗಿಡ್ಡವಾಗಿ ಕಾಣುತ್ತೆ, ಅದನ್ನು ನಂಬೋ ಹಾಗಿಲ್ಲ.

ಅವಳಿಗೆ ಬೋಟ್ ನೆಕ್ಕೇ ಬೇಕಂತೆ, ಮೇಲೆ ಅಜ್ಜಿಯ ಅಡ್ಡಿಗೆ. ನನಗೆ ಅಲ್ಲೇ ತಕರಾರು. ಅಡ್ಡಿಗೆ ಕುತ್ತಿಗೆಗೆ ಅಂಟಿ ಕೂರುತ್ತೆ, ಬೋಟ್ ನೆಕ್ ಅದರ ಕೆಳಗೇ ಅಡ್ಡಗೆರೆ ಎಳೆಯುತ್ತೆ, ಇರೋ ಸ್ವಲ್ಪ ಜಾಗವೂ ಮುಚ್ಚಿಹೋಗುತ್ತೆ ಅಲ್ವಾ? ವಿ ನೆಕ್ ಅಥವಾ ಸ್ವೀಟ್‌ಹಾರ್ಟ್ ಇಟ್ಟು, ಎದೆಯವರೆಗೆ ಬರೋ ಕಾಸಿನ ಸರ ಹಾಕಿದರೆ ಕಣ್ಣು ಕೆಳಗೆ ಇಳಿಯುತ್ತೆ ಅಂತ ನನ್ನ ಲೆಕ್ಕ. ಆದರೆ ಅಜ್ಜಿಯ ಒಡವೆ ಬಿಡೋಕೆ ಅವಳು ತಯಾರಿಲ್ಲ. ಅಡ್ಡಿಗೆಯ ಹಿಂದಿನ ದಾರ ಉದ್ದ ಮಾಡಿ, ಕೊರಳ ಬುಡದ ಕುಳಿಯ ಕೆಳಗೆ ಬರೋ ಹಾಗೆ ಕಟ್ಟಿದವರು ಯಾರಾದರೂ ಇದ್ದೀರಾ? ಮಗುಚಿಕೊಳ್ಳದೆ ನಿಲ್ಲುತ್ತಾ?

ಇನ್ನು ಓಲೆ. ದೊಡ್ಡ ಜುಮುಕಿ ಸರಿಯಾಗಿ ದವಡೆ ಮೂಲೆಗೇ ಬಂದು ನಿಲ್ಲುತ್ತೆ, ಮುಖ ಇನ್ನೂ ಅಗಲ ಅನಿಸುತ್ತೆ. ಅದಕ್ಕಿಂತ ಮೇಲೆ ಮುಗಿಯೋ ದುಂಡನೆ ಓಲೆ ಒಳ್ಳೇದಾ, ಅಥವಾ ಉದ್ದ ಸರಪಳಿಯಲ್ಲಿ ದವಡೆ ದಾಟಿ ಇಳಿಯೋ ಸಣ್ಣ ಜುಮುಕಿಯಾ? ಹಾಕಿ ನೋಡಿದವರು ಫೋಟೋ ಸಮೇತ ಹೇಳಿ, ಪ್ಲೀಸ್.